ಪ್ರದರ್ಶನಗಳ ಪಾಳಿ ಯೋಜನೆ

ಪ್ರದರ್ಶನಗಳ ಪಾಳಿ ಯೋಜನೆ ಎಂದರೆ ಒಮ್ಮೆ ಮಾತ್ರ, ಕೆಲವು ದಿನಗಳ ಕಾಲ, ದಿನಕ್ಕೆ ದೀರ್ಘ ಹೊತ್ತು ತೆರೆದಿರುವ ಪ್ರದರ್ಶನಕ್ಕೆ ಬೇಕಾದ ಸ್ವಯಂಸೇವಕರನ್ನೂ ತಾತ್ಕಾಲಿಕ ಸಿಬ್ಬಂದಿಯನ್ನೂ ಯಾವ ದಿನ, ಯಾವ ಹೊತ್ತಿನಲ್ಲಿ, ಯಾವ ಕೆಲಸಕ್ಕೆ ನಿಲ್ಲಿಸಬೇಕೆಂದು ಮುಂಚಿತವಾಗಿ ಲೆಕ್ಕಹಾಕಿ ಹಂಚುವ ವ್ಯವಸ್ಥೆ. ಆಸ್ಪತ್ರೆ, ಕಾರ್ಖಾನೆ, ಸಾರಿಗೆ ಸಂಸ್ಥೆಗಳ ಪಾಳಿ ಪದ್ಧತಿಗೂ ಇದಕ್ಕೂ ಮುಖ್ಯವಾಗಿ ಎರಡು ವ್ಯತ್ಯಾಸಗಳಿವೆ. ಆ ಸಂಸ್ಥೆಗಳಲ್ಲಿ ಈ ವಾರದ ತಪ್ಪನ್ನು ಮುಂದಿನ ವಾರ ತಿದ್ದಿಕೊಳ್ಳಬಹುದು. ನಾಲ್ಕು ದಿನಗಳ ಪ್ರದರ್ಶನದಲ್ಲಿ ಆ ಅವಕಾಶವಿಲ್ಲ. ಅಲ್ಲಿ ಕೆಲಸಗಾರರೆಲ್ಲ ಸಂಬಳಕ್ಕೆ ಬದ್ಧರು. ಇಲ್ಲಿ ಬಹುಪಾಲು ಜನ ತಮ್ಮ ಬಿಡುವಿನ ಹೊತ್ತನ್ನು ಕೊಡಲು ಬಂದವರು.

## ಹಿನ್ನೆಲೆ

ದೊಡ್ಡ ಪ್ರದರ್ಶನಗಳನ್ನು ತಾತ್ಕಾಲಿಕ ಪಡೆಯೊಂದು ನಡೆಸುವ ಪದ್ಧತಿಗೆ 1851ರಲ್ಲಿ ಲಂಡನ್ನಿನ ಹೈಡ್ ಪಾರ್ಕ್‌ನಲ್ಲಿ ನಡೆದ ಮಹಾಪ್ರದರ್ಶನ ಆರಂಭಿಕ ಉದಾಹರಣೆಗಳಲ್ಲಿ ಒಂದು. ಅಲ್ಲಿ ಪೊಲೀಸರ ಜೊತೆಗೆ ಸೇನೆಯ ಎಂಜಿನಿಯರಿಂಗ್ ದಳದವರನ್ನೂ ಕೆಲಸಕ್ಕೆ ಬಳಸಿಕೊಳ್ಳಲಾಗಿತ್ತು. ಸಂಘಟಿತ ಸ್ವಯಂಸೇವೆಯ ಪರಂಪರೆ ಭಾರತದಲ್ಲಿ ರಾಷ್ಟ್ರೀಯ ಚಳವಳಿಯ ಅಧಿವೇಶನಗಳ ಮೂಲಕ ಬೆಳೆಯಿತು. ಎನ್. ಎಸ್. ಹರ್ಡೀಕರ್ 1923ರಲ್ಲಿ ಕಟ್ಟಿದ ಹಿಂದೂಸ್ತಾನಿ ಸೇವಾದಳದ ಸ್ವಯಂಸೇವಕರು 1924ರ ಡಿಸೆಂಬರ್‌ನಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ನಡೆದ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ದುಡಿದರು.

ಕರ್ನಾಟಕದಲ್ಲಿ ಇಂದು ಈ ಯೋಜನೆಯ ಅಗತ್ಯ ಹೆಚ್ಚಾಗಿ ಕಾಣುವುದು ಊರೂರು ಬದಲಾಯಿಸುವ ಕಾರ್ಯಕ್ರಮಗಳಲ್ಲಿ. 1915ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಕನ್ನಡ ಸಾಹಿತ್ಯ ಸಮ್ಮೇಳನ ಇದಕ್ಕೆ ಸ್ಪಷ್ಟ ನಿದರ್ಶನ. 2023ರ ಜನವರಿಯಲ್ಲಿ ಹಾವೇರಿಯಲ್ಲಿ, 2024ರ ಡಿಸೆಂಬರ್‌ನಲ್ಲಿ ಮಂಡ್ಯದಲ್ಲಿ ನಡೆದ ಸಮ್ಮೇಳನಗಳು ತಲಾ ಮೂರು ದಿನಗಳದ್ದಾಗಿದ್ದವು. ಸಮ್ಮೇಳನದ ಪರಂಪರೆ ಹಳೆಯದಾದರೂ ಆಯಾ ಊರಿನ ಸ್ವಾಗತ ಸಮಿತಿಗೆ, ಪುಸ್ತಕ ಮಳಿಗೆಗಳ ಉಪಸಮಿತಿಗೆ ಅದು ಹೊಸ ಕೆಲಸವೇ. ವರ್ಷಕ್ಕೆರಡು ಬಾರಿ ಒಂದೇ ಜಾಗದಲ್ಲಿ ನಡೆಯುವ ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನದಲ್ಲಿ ಹಿಂದಿನ ಸಲದ ಅನುಭವ ಕೈಯಲ್ಲಿರುತ್ತದೆ. ಊರು ಬದಲಾಯಿಸುವ ಪ್ರದರ್ಶನಗಳಿಗೆ ಆ ಅನುಕೂಲ ಕಡಿಮೆ.

ಪಾಳಿ ಹಂಚಿಕೆಯ ಗಣಿತಕ್ಕೆ ತಳಪಾಯ ಬಿದ್ದದ್ದು 1954ರಲ್ಲಿ. ಆ ವರ್ಷ ಲೆಸ್ಲಿ ಈಡಿ ನ್ಯೂಯಾರ್ಕ್ ಬಂದರು ಪ್ರಾಧಿಕಾರದ ಸುಂಕದ ಕಟ್ಟೆಗಳಲ್ಲಿ ವಾಹನಗಳು ಕಾಯುವ ಹೊತ್ತನ್ನು ಅಳೆದು, ಯಾವ ಗಂಟೆಗೆ ಎಷ್ಟು ಕಟ್ಟೆ ತೆರೆದಿರಬೇಕೆಂದು ತೋರಿಸಿದರು. ಅದೇ ವರ್ಷ ಜಾರ್ಜ್ ಡಾಂಟ್ಸಿಗ್ ಈ ಸಮಸ್ಯೆಯನ್ನು ರೇಖೀಯ ಯೋಜನೆಯ ಸಮೀಕರಣಗಳಾಗಿ ಬರೆದರು. ಮೊದಲು ಗಂಟೆಗಂಟೆಯ ಬೇಡಿಕೆ ತಿಳಿಯಬೇಕು, ಆಮೇಲೆ ಅದನ್ನು ಮುಚ್ಚುವಂತೆ ಪಾಳಿ ಜೋಡಿಸಬೇಕು ಎಂಬ ಅವರ ಕ್ರಮವೇ ಇಂದಿಗೂ ನಡೆದಿದೆ.

## ಪರಿಭಾಷೆ

ಈ ಲೇಖನದಲ್ಲಿ ಐದು ಪದಗಳನ್ನು ನಿಶ್ಚಿತ ಅರ್ಥದಲ್ಲಿ ಬಳಸಲಾಗಿದೆ. ಒಬ್ಬ ವ್ಯಕ್ತಿ ನಿಂತು ನೋಡಿಕೊಳ್ಳಬೇಕಾದ ಕೆಲಸದ ಜಾಗ *ಸ್ಥಾನ*: ಟಿಕೆಟ್ ಕೌಂಟರ್, ಪ್ರವೇಶದ್ವಾರ, ಒಂದು ಸಭಾಂಗಣದ ಮೂಲೆ. ದಿನವನ್ನು ತುಂಡುಮಾಡಿದ ಒಂದೊಂದು ಅವಧಿ *ಪಾಳಿ*. ಒಬ್ಬ ವ್ಯಕ್ತಿ ಒಂದು ಪಾಳಿ ಕೆಲಸ ಮಾಡಿದರೆ ಅದು ಒಂದು *ಸರದಿ*. ಸ್ಥಾನದಲ್ಲಿರುವವರಿಗೆ ಬಿಡುವು ಕೊಡಲು ಸುತ್ತುವ ವ್ಯಕ್ತಿ *ಬದಲಿ*. ಬರಬೇಕಾದವರು ಬಾರದಿದ್ದರೆ ಎಂದು ಹೆಚ್ಚಾಗಿ ಕರೆದ ಜನ *ಮೀಸಲು*. ಬದಲಿ ಮತ್ತು ಮೀಸಲು ಬೇರೆ ಬೇರೆ. ಎಲ್ಲರೂ ಹಾಜರಿದ್ದರೂ ಬದಲಿ ಬೇಕೇ ಬೇಕು. ಎಲ್ಲರೂ ಬಂದರೆ ಮೀಸಲಿನವರಿಗೆ ಕೆಲಸವಿರುವುದಿಲ್ಲ.

## ಸಿಬ್ಬಂದಿಯ ವಿಧಗಳು

ತಾತ್ಕಾಲಿಕ ಸಿಬ್ಬಂದಿ. ದಿನಗೂಲಿಯ ಮೇಲೆ ನೇರವಾಗಿ ಅಥವಾ ಗುತ್ತಿಗೆದಾರರ ಮೂಲಕ ತೆಗೆದುಕೊಂಡವರು. ಹಣ ಎಣಿಸುವ, ಸಂದರ್ಶಕರ ಚೀಲ ಕಾಯುವ, ಕೀಲಿ ಇಟ್ಟುಕೊಳ್ಳುವ ಸ್ಥಾನಗಳಿಗೆ ಇವರನ್ನು ಹಾಕುವುದು ರೂಢಿ. ಅಂಥ ಸ್ಥಾನ ಐದು ನಿಮಿಷ ಖಾಲಿಯಾದರೂ ಪ್ರದರ್ಶನವೇ ನಿಲ್ಲುತ್ತದೆ, ಮತ್ತು ಅಲ್ಲಿ ಲೆಕ್ಕ ತಪ್ಪಿದರೆ ಹೊಣೆ ಹೊರಿಸಲು ಸಂಬಳದ ಸಂಬಂಧ ಬೇಕಾಗುತ್ತದೆ.

ವಿದ್ಯಾರ್ಥಿ ಸ್ವಯಂಸೇವಕರು. ಕಾಲೇಜುಗಳ ರಾಷ್ಟ್ರೀಯ ಸೇವಾ ಯೋಜನೆ, ಎನ್‌ಸಿಸಿ, ಸ್ಕೌಟ್ಸ್ ಮತ್ತು ಗೈಡ್ಸ್ ಘಟಕಗಳಿಂದ ಗುಂಪಾಗಿ ಬರುವವರು. 1969ರಲ್ಲಿ ಆರಂಭವಾದ ರಾಷ್ಟ್ರೀಯ ಸೇವಾ ಯೋಜನೆಯಲ್ಲಿ ಪ್ರತಿ ಸ್ವಯಂಸೇವಕ ವರ್ಷಕ್ಕೆ 120 ಗಂಟೆ, ಎರಡು ವರ್ಷಕ್ಕೆ 240 ಗಂಟೆ ಸೇವೆ ಪೂರೈಸಬೇಕು. ಆದ್ದರಿಂದ ಹಾಜರಿ ಪುಸ್ತಕದಲ್ಲಿ ಬಂದ ಹೊತ್ತು, ಹೋದ ಹೊತ್ತು ಎರಡೂ ದಾಖಲಾಗುವುದು ಅವರಿಗೆ ಮುಖ್ಯ. ಇವರು ಒಂದೇ ಬಸ್ಸಿನಲ್ಲಿ ಬಂದು ಒಂದೇ ಬಸ್ಸಿನಲ್ಲಿ ಹೋಗುವುದರಿಂದ ಬಸ್ಸು ತಡವಾದರೆ ಇಡೀ ಪಾಳಿ ಒಟ್ಟಿಗೆ ತಡವಾಗುತ್ತದೆ.

ಬಿಡಿ ಸ್ವಯಂಸೇವಕರು. ನಿವೃತ್ತರು, ಉದ್ಯೋಗಿಗಳು, ವಿಷಯದಲ್ಲಿ ಆಸಕ್ತಿಯುಳ್ಳವರು. ವಿವರಣೆ ಕೊಡುವ ಕೆಲಸಕ್ಕೆ ಇವರು ಸೂಕ್ತ. ಉದ್ಯೋಗಿಗಳು ಸಾಮಾನ್ಯ ದಿನಗಳಲ್ಲಿ ಸಂಜೆ ಮಾತ್ರ ಸಿಗುತ್ತಾರೆ. ನಿವೃತ್ತರು ಬೆಳಗಿನ ಪಾಳಿ ಬಯಸುತ್ತಾರೆ.

ನಿಯೋಜಿತ ನೌಕರರು. ಸರ್ಕಾರಿ ಸಹಭಾಗಿತ್ವದ ಕಾರ್ಯಕ್ರಮಗಳಲ್ಲಿ ಇಲಾಖೆಗಳಿಂದ ಆದೇಶದ ಮೇಲೆ ಬರುವವರು. ಇವರ ಹಾಜರಿ ಸಾಮಾನ್ಯವಾಗಿ ಖಚಿತ. ಆದರೆ ಆದೇಶದಲ್ಲಿ ದಿನಾಂಕವಿರುತ್ತದೆಯೇ ಹೊರತು ಪಾಳಿಯ ವೇಳೆ ಇರುವುದು ಅಪರೂಪ. ಅದನ್ನು ಸಂಘಟಕರೇ ಪ್ರತ್ಯೇಕವಾಗಿ ತಿಳಿಸಬೇಕು.

## ರಚನೆಯ ಹಂತಗಳು

ಪಾಳಿಪಟ್ಟಿ ಹೆಸರುಗಳಿಂದ ಶುರುವಾಗುವುದಿಲ್ಲ. ಮೊದಲು ಸ್ಥಾನಗಳ ಪಟ್ಟಿ, ಬಳಿಕ ಪ್ರತಿ ಸ್ಥಾನಕ್ಕೆ ಯಾವ ಹೊತ್ತಿನಲ್ಲಿ ಎಷ್ಟು ಜನ ಎಂಬ ಎಣಿಕೆ, ಬಳಿಕ ಪಾಳಿಗಳ ಗಡಿ, ಬಳಿಕ ಬದಲಿ ಮತ್ತು ಮೀಸಲು, ಕೊನೆಗೆ ಹೆಸರು.

ಸ್ಥಾನದ ಎಣಿಕೆಯನ್ನು ಅಳತೆಯಿಂದ ಪಡೆಯಬಹುದು. ಒಂದು ಟಿಕೆಟ್ ಕೊಟ್ಟು ಚಿಲ್ಲರೆ ಹಿಂದಿರುಗಿಸಲು 20 ಸೆಕೆಂಡು ಹಿಡಿದರೆ ಒಂದು ಕೌಂಟರ್ ಗಂಟೆಗೆ 180 ಟಿಕೆಟ್ ಕೊಡುತ್ತದೆ. ಸಂಜೆಯ ಬಿರುಸಿನ ಗಂಟೆಯಲ್ಲಿ 300 ಟಿಕೆಟ್ ಹೋಗುವ ನಿರೀಕ್ಷೆಯಿದ್ದರೆ ಎರಡು ಕೌಂಟರ್ ಬೇಕು. ಒಂದೇ ಕೌಂಟರ್ ಇದ್ದರೆ ಆ ಗಂಟೆಯ ಕೊನೆಗೆ 120 ಜನ ಸಾಲಿನಲ್ಲಿ ಉಳಿಯುತ್ತಾರೆ. ಸಭಾಂಗಣದ ಸ್ಥಾನಗಳಿಗೆ ಬೇರೆ ಅಳತೆ: ಪ್ರತಿ ಪ್ರದರ್ಶಿಕೆಯೂ ಯಾರಾದರೊಬ್ಬರ ಕಣ್ಣಳತೆಯಲ್ಲಿರುವಂತೆ ನಕ್ಷೆಯ ಮೇಲೆ ಗುರುತು ಹಾಕಿ ಎಣಿಸಬೇಕು.

ಪಾಳಿಯ ಉದ್ದ ಕೆಲಸದ ಸ್ವರೂಪವನ್ನು ಅವಲಂಬಿಸುತ್ತದೆ. ನಿಂತು ಮಾತನಾಡುವ ಕೆಲಸಕ್ಕೆ ಸ್ವಯಂಸೇವಕರಿಗೆ ಸುಮಾರು ನಾಲ್ಕು ಗಂಟೆ ವಾಡಿಕೆಯ ಮಿತಿ. ಪಾಳಿಗಳ ನಡುವೆ ಕಾಲು ಗಂಟೆ ಒಂದರ ಮೇಲೊಂದು ಬರುವಂತೆ ಇಡುವುದರಿಂದ ಹೊಸಬರು ಬಂದು ನಿಂತ ಮೇಲೆ ಹಳಬರು ಹೊರಡುತ್ತಾರೆ. ಈ ಕಾಲು ಗಂಟೆ ಇಲ್ಲದಿದ್ದರೆ ಪಾಳಿ ಬದಲಾಗುವಾಗ ಸ್ಥಾನಗಳು ಖಾಲಿ ಬೀಳುತ್ತವೆ.

ಬದಲಿಯ ಲೆಕ್ಕ ಸರಳ. ಪ್ರತಿಯೊಬ್ಬರಿಗೂ ಪಾಳಿಯ ನಡುವೆ 20 ನಿಮಿಷ ಬಿಡುವು ಎಂದಿಟ್ಟುಕೊಂಡರೆ ಆರು ಜನರಿಗೆ ಎರಡು ಗಂಟೆಯಾಗುತ್ತದೆ. ಸ್ಥಾನದಿಂದ ಸ್ಥಾನಕ್ಕೆ ನಡೆಯುವ ಹೊತ್ತು ಸೇರಿ ಸುಮಾರು ಎರಡೂವರೆ. ಪಾಳಿಯ ಮೊದಲ ಮತ್ತು ಕೊನೆಯ ಮುಕ್ಕಾಲು ಗಂಟೆಯಲ್ಲಿ ಬಿಡುವು ಕೊಡುವುದರಲ್ಲಿ ಅರ್ಥವಿಲ್ಲದ ಕಾರಣ ಒಬ್ಬ ಬದಲಿ ಆರು ಸ್ಥಾನಗಳಿಗಷ್ಟೇ ಸಾಲುತ್ತಾನೆ.

## ಲೆಕ್ಕದ ಮಾದರಿ

ಗುರುವಾರದಿಂದ ಭಾನುವಾರದವರೆಗೆ ನಾಲ್ಕು ದಿನ, ಬೆಳಿಗ್ಗೆ 10ರಿಂದ ರಾತ್ರಿ 9ರವರೆಗೆ ತೆರೆದಿರುವ ವಿಜ್ಞಾನ ಪ್ರದರ್ಶನವೊಂದನ್ನು ಕಲ್ಪಿಸಿಕೊಳ್ಳಬಹುದು. ಅದು ಜಿಲ್ಲಾ ಕೇಂದ್ರದ ಕಾಲೇಜು ಮೈದಾನದಲ್ಲಿ ನಡೆಯುತ್ತದೆ.

ಸ್ವಯಂಸೇವಕರು. ದಿನಕ್ಕೆ ಮೂರು ಪಾಳಿ: ಬೆಳಿಗ್ಗೆ 9:30ರಿಂದ ಮಧ್ಯಾಹ್ನ 1:30, 1:15ರಿಂದ ಸಂಜೆ 5:15, 5:00ರಿಂದ ರಾತ್ರಿ 9:15. ನಾಲ್ಕು ದಿನಕ್ಕೆ ಒಟ್ಟು 12 ಪಾಳಿ. ಹಿಂದಿನ ದಾಖಲೆ ಇಲ್ಲದ ಕಾರಣ ಏಳರಲ್ಲಿ ಒಬ್ಬರು ಬರುವುದಿಲ್ಲವೆಂದು ಊಹಿಸಿ ಮೀಸಲು ಸೇರಿಸಲಾಗಿದೆ. ಕೆಳಗಿನ ಪಟ್ಟಿಯ ಪ್ರತಿ ಚೌಕದಲ್ಲಿ ಸ್ಥಾನಗಳು, ಬದಲಿ ಸೇರಿ ಬೇಕಾದವರು, ಮೀಸಲು ಸೇರಿ ಕರೆಯಬೇಕಾದವರು ಎಂಬ ಮೂರು ಸಂಖ್ಯೆಗಳು ಕ್ರಮವಾಗಿ ಇವೆ.

| ದಿನ | ಮೊದಲ ಪಾಳಿ | ಎರಡನೇ ಪಾಳಿ | ಮೂರನೇ ಪಾಳಿ |
|---|---|---|---|
| ಗುರುವಾರ, ಶುಕ್ರವಾರ (ತಲಾ) | 8 / 10 / 12 | 8 / 10 / 12 | 12 / 14 / 17 |
| ಶನಿವಾರ, ಭಾನುವಾರ (ತಲಾ) | 10 / 12 / 14 | 14 / 17 / 20 | 18 / 21 / 25 |

ಕರೆಯಬೇಕಾದ ಸರದಿಗಳು ಮೊದಲೆರಡು ದಿನ ತಲಾ 41, ಕೊನೆಯ ಎರಡು ದಿನ ತಲಾ 59, ಒಟ್ಟು 200. ಪ್ರತಿ ಸ್ವಯಂಸೇವಕ ಸರಾಸರಿ ಎರಡು ಸರದಿಗೆ ಒಪ್ಪಿದರೆ 100 ಜನ ಬೇಕು. ಅತಿ ಹೆಚ್ಚು ಸ್ಥಾನಗಳಿರುವ ಹೊತ್ತಿನಲ್ಲೂ 18 ಸ್ಥಾನಗಳಷ್ಟೇ ಇವೆ. ಸಂಘಟಕರು ಆ 18ನ್ನು ನೋಡಿ 20 ಜನರನ್ನು ಹೊಂದಿಸಿಕೊಂಡರೆ, ಮೀಸಲನ್ನು ಬಿಟ್ಟರೂ ಉಳಿಯುವ 168 ಸರದಿಗಳನ್ನು ಆ 20 ಜನರೇ ಹೊರಬೇಕು. ಆಗ ಪ್ರತಿಯೊಬ್ಬರಿಗೂ 12 ಪಾಳಿಗಳಲ್ಲಿ ಎಂಟಕ್ಕಿಂತ ಹೆಚ್ಚು ಬರುತ್ತವೆ, ಅಂದರೆ ನಾಲ್ಕು ದಿನದಲ್ಲಿ ಸುಮಾರು 34 ಗಂಟೆ. ಮೂರನೆಯ ದಿನಕ್ಕೆ ಪಟ್ಟಿ ಕುಸಿಯುವುದು ಈ ಕಾರಣದಿಂದ. ಎಣಿಕೆಯ ಮೂಲಮಾನ ತಲೆಯಲ್ಲ, ಸರದಿ.

ತಾತ್ಕಾಲಿಕ ಸಿಬ್ಬಂದಿ. ಎರಡು ಟಿಕೆಟ್ ಕೌಂಟರ್, ಎರಡು ಚೀಲ ಕೌಂಟರ್. ಒಟ್ಟು ನಾಲ್ಕು ಸ್ಥಾನ. ತಯಾರಿ ಮತ್ತು ಲೆಕ್ಕ ಮುಗಿಸುವ ಹೊತ್ತು ಸೇರಿ ಬೆಳಿಗ್ಗೆ 9ರಿಂದ ರಾತ್ರಿ 10ರವರೆಗೆ 13 ಗಂಟೆ. ಇದನ್ನು 9:00–3:45 ಮತ್ತು 3:15–10:00 ಎಂದು ಎರಡು ಪಾಳಿ ಮಾಡಬಹುದು. ನಡುವಿನ ಅರ್ಧ ಗಂಟೆ ನಗದು ಎಣಿಸಿ ಒಪ್ಪಿಸಲು.

ಐದು ಗಂಟೆ ಸತತ ಕೆಲಸವಾದ ಮೇಲೆ ಒಂದು ಗಂಟೆ ವಿರಾಮ ಕೊಡಬೇಕೆಂಬ ನಿಯಮವನ್ನು ಪಾಲಿಸಲು ಪ್ರತಿ ಪಾಳಿಗೂ ಐದನೆಯ ವ್ಯಕ್ತಿ ಬೇಕು. ಮೊದಲ ಪಾಳಿಯಲ್ಲಿ ನಾಲ್ವರಿಗೆ 11, 12, 1 ಮತ್ತು 2 ಗಂಟೆಗೆ ಒಬ್ಬರಾದ ಮೇಲೊಬ್ಬರಿಗೆ ವಿರಾಮ. ಕೊನೆಯವರು 9ರಿಂದ 2ರವರೆಗೆ ಸರಿಯಾಗಿ ಐದು ಗಂಟೆ ದುಡಿದಿರುತ್ತಾರೆ, ಆದ್ದರಿಂದ ಇದನ್ನು ಇನ್ನೂ ಮುಂದಕ್ಕೆ ತಳ್ಳುವಂತಿಲ್ಲ. ಬದಲಿಯಾಗಿ ಕೂರುವ ಐದನೆಯವರು 11ರಿಂದ 3ರವರೆಗೆ ಬಿಡುವಿಲ್ಲದೆ ಕೌಂಟರ್‌ನಲ್ಲಿರುವುದರಿಂದ ಅವರ ವಿರಾಮ 10ರಿಂದ 11ಕ್ಕೆ ಬರಬೇಕು. ಎರಡನೇ ಪಾಳಿಯಲ್ಲಿ ವಿರಾಮಗಳು 4:15, 5:15, 6:15 ಮತ್ತು 7:15ಕ್ಕೆ ಆರಂಭವಾಗುತ್ತವೆ. ಬದಲಿಯ ವಿರಾಮ 8:15ಕ್ಕೆ. ಹೀಗೆ ದಿನಕ್ಕೆ 10 ಜನ. ಅನಾರೋಗ್ಯದಂಥ ಕಾರಣಕ್ಕೆ ಇಬ್ಬರನ್ನು ಕಾದಿರಿಸಿದರೆ 12.

ರಾತ್ರಿ 10ಕ್ಕೆ ಮುಗಿಸಿದವರನ್ನು ಮರುದಿನ ಬೆಳಿಗ್ಗೆ 9ಕ್ಕೆ ಕರೆದರೆ ನಡುವೆ 11 ಗಂಟೆ ಮಾತ್ರ ಉಳಿಯುತ್ತದೆ. ಮನೆಗೆ ಹೋಗಿ ಬರುವ ಹೊತ್ತು ಕಳೆದರೆ ನಿದ್ದೆಗೆ ಸಾಲದು. ಆದ್ದರಿಂದ ನಾಲ್ಕು ದಿನವೂ ಒಬ್ಬರನ್ನು ಒಂದೇ ಪಾಳಿಯಲ್ಲಿ ಇರಿಸುತ್ತಾರೆ.

## ಹೆಸರು ತುಂಬುವ ಕ್ರಮ

ಯಾರಿಗೂ ಬೇಡವಾದ ಪಾಳಿಗಳನ್ನು ಮೊದಲು ತುಂಬಬೇಕು. ಮೇಲಿನ ಮಾದರಿಯಲ್ಲಿ ಅವು ತರಗತಿಗಳಿರುವ ಗುರುವಾರ ಮತ್ತು ಶುಕ್ರವಾರದ ಬೆಳಗಿನವು, ಮತ್ತು ಭಾನುವಾರ ರಾತ್ರಿಯದು. ಸ್ವಯಂಸೇವಕರು ತಮಗೆ ಬೇಕಾದುದನ್ನು ಮೊದಲು ಆರಿಸಿಕೊಳ್ಳಲು ಬಿಟ್ಟರೆ ಶನಿವಾರದ ಎರಡನೇ ಪಾಳಿ ತುಂಬಿ ತುಳುಕುತ್ತದೆ, ಭಾನುವಾರ ರಾತ್ರಿ ಖಾಲಿ ಉಳಿಯುತ್ತದೆ. ಇಷ್ಟದ ಒಂದು ಪಾಳಿಯ ಜೊತೆಗೆ ಕಷ್ಟದ ಒಂದನ್ನು ಜೋಡಿಸಿ ಕೊಡುವುದು ಇದಕ್ಕೆ ಪರಿಹಾರ.

ಎರಡನೆಯದಾಗಿ ಪ್ರತಿ ಪಾಳಿಯಲ್ಲೂ ಹಿಂದಿನ ಯಾವುದಾದರೂ ಪಾಳಿಯಲ್ಲಿ ಕೆಲಸ ಮಾಡಿದವರು ಕೆಲವರಾದರೂ ಇರಬೇಕು. ಎಲ್ಲರೂ ಹೊಸಬರಾದರೆ ಶೌಚಾಲಯ ಎಲ್ಲಿದೆ ಎಂಬ ಪ್ರಶ್ನೆಗೂ ಉತ್ತರ ಸಿಗುವುದಿಲ್ಲ. ಗುರುವಾರದ ಮೊದಲ ಪಾಳಿಗೆ ಇಂಥವರು ಸಿಗಲಾರರು, ಹಾಗಾಗಿ ಬುಧವಾರ ಸಂಜೆ ಆ 12 ಜನರನ್ನು ಸ್ಥಳಕ್ಕೆ ಕರೆದು ಸ್ಥಾನಗಳನ್ನು ತೋರಿಸಬೇಕಾಗುತ್ತದೆ.

## ಪಾಳಿ ಒಪ್ಪಿಸುವಿಕೆ

ಪಾಳಿ ಬದಲಾಗುವಾಗ ಬಾಯಿಮಾತಿನಲ್ಲಿ ಹೇಳಿದ್ದು ಕಳೆದುಹೋಗುತ್ತದೆ. ಅದಕ್ಕಾಗಿ ಪ್ರತಿ ಸ್ಥಾನದಲ್ಲೂ ರಟ್ಟಿಗೆ ಕಟ್ಟಿದ ಒಂದು ಹಾಳೆ ಇಡುವುದು ವಾಡಿಕೆ. ಅದರ ಮೇಲ್ಭಾಗದಲ್ಲಿ ಆ ಸ್ಥಾನದ ಕೆಲಸ ಎರಡು ಮೂರು ಸಾಲಿನಲ್ಲಿ, ಮೇಲ್ವಿಚಾರಕರ ಫೋನ್ ಸಂಖ್ಯೆ, ಅಂದಿನ ಬಿಡುವಿನ ವೇಳೆ. ಕೆಳಭಾಗದಲ್ಲಿ ನಾಲ್ಕು ಕಾಲಂ: ಬಂದವರ ಹೆಸರು, ವೇಳೆ, ಒಪ್ಪಿಸಿಕೊಂಡ ವಸ್ತು, ಬಾಕಿ ಉಳಿದ ವಿಷಯ. ಚೀಲ ಕೌಂಟರ್‌ನ ಹಾಳೆಯಲ್ಲಿ ಒಪ್ಪಿಸಿಕೊಂಡ ವಸ್ತು ಎಂದರೆ ಒಳಗಿರುವ ಚೀಲಗಳ ಎಣಿಕೆ. ಟಿಕೆಟ್ ಕೌಂಟರ್‌ನಲ್ಲಿ ಟಿಕೆಟ್ ಪುಸ್ತಕದ ಕೊನೆಯ ಕ್ರಮಸಂಖ್ಯೆ ಮತ್ತು ನಗದು. ಸಭಾಂಗಣದ ಹಾಳೆಯ ಬಾಕಿ ವಿಷಯದಲ್ಲಿ ಕೆಟ್ಟ ಪ್ರದರ್ಶಿಕೆ, ತಪ್ಪಿಸಿಕೊಂಡ ಮಗುವಿನ ಬಗ್ಗೆ ಮೈಕಿನಲ್ಲಿ ಹೇಳಿಸಿದ್ದು ಮುಂತಾದವು ಬರುತ್ತವೆ.

## ಕಾನೂನಿನ ಮಿತಿಗಳು

ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ, 1961 ಅನ್ವಯವಾಗುವ ಕಡೆ ಸಾಮಾನ್ಯ ಕೆಲಸದ ಅವಧಿ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ಮೀರುವಂತಿಲ್ಲ. ಹೆಚ್ಚುವರಿ ಕೆಲಸಕ್ಕೆ ಎರಡು ಪಟ್ಟು ದರದಲ್ಲಿ ಕೂಲಿ. ಐದು ಗಂಟೆಗಿಂತ ಹೆಚ್ಚು ಸತತವಾಗಿ ದುಡಿಸದೆ ಕನಿಷ್ಠ ಒಂದು ಗಂಟೆ ವಿರಾಮ ಕೊಡಬೇಕು, ಮತ್ತು ವಿರಾಮವೂ ಸೇರಿ ಕೆಲಸದ ದಿನ 12 ಗಂಟೆಯೊಳಗೆ ಮುಗಿಯಬೇಕು. ಮಾದರಿಯ 13 ಗಂಟೆಗಳನ್ನು ಒಂದೇ ತಂಡದಿಂದ ಮಾಡಿಸಲು ಸಾಧ್ಯವಿಲ್ಲದಿರುವುದಕ್ಕೆ ಈ ಕೊನೆಯ ನಿಯಮವೊಂದೇ ಸಾಕು. ರಾತ್ರಿ ಹೊತ್ತಿನಲ್ಲಿ ಮಹಿಳಾ ನೌಕರರನ್ನು ನಿಯೋಜಿಸಲು ಪ್ರತ್ಯೇಕ ಷರತ್ತುಗಳಿವೆ. ಒಪ್ಪಿಗೆ, ಸಾರಿಗೆ, ಭದ್ರತೆ ಅವುಗಳಲ್ಲಿ ಮುಖ್ಯವಾದವು.

ಸ್ವಯಂಸೇವಕರಿಗೆ ಈ ಮಿತಿಗಳು ನೇರವಾಗಿ ಅನ್ವಯಿಸುವುದಿಲ್ಲ. ಆದರೆ ಊಟ, ಪ್ರಯಾಣದ ವೆಚ್ಚ ಕೊಡುವುದಕ್ಕೂ ದಿನಕ್ಕಿಷ್ಟು ಎಂದು ಗೊತ್ತುಪಡಿಸಿ ಹಣ ಕೊಡುವುದಕ್ಕೂ ವ್ಯತ್ಯಾಸವಿದೆ. ಎರಡನೆಯದು ಗೌರವಧನವೆಂಬ ಹೆಸರಿನಲ್ಲಿದ್ದರೂ ಕೂಲಿಯ ಸ್ವರೂಪ ಪಡೆಯಬಹುದು.

## ದೋಷಗಳು ಮತ್ತು ಲಕ್ಷಣಗಳು

ಪಟ್ಟಿ ಸೋಲುತ್ತಿರುವುದು ಸಾಲು ಉದ್ದವಾಗುವ ಮೊದಲೇ ದಾಖಲೆಗಳಲ್ಲಿ ಕಾಣುತ್ತದೆ. ಹಾಜರಿ ಪುಸ್ತಕದಲ್ಲಿ ಒಂದೇ ಹೆಸರು ಸತತ ಎರಡು ಪಾಳಿಯಲ್ಲಿ ಬಂದಿದ್ದರೆ ಮುಂದಿನವರು ಬಾರದೆ ಹಳಬರೇ ಉಳಿದಿದ್ದಾರೆ ಎಂದರ್ಥ. ಸ್ಥಾನದ ಹಾಳೆಯಲ್ಲಿ ಬಿಡುವಿನ ವೇಳೆ ಖಾಲಿಯಿದ್ದರೆ ಬದಲಿಯವರನ್ನು ಯಾವುದೋ ಸ್ಥಾನದಲ್ಲಿ ಕಾಯಂ ಆಗಿ ಕೂರಿಸಲಾಗಿದೆ. ಮೇಲ್ವಿಚಾರಕರೇ ಕೌಂಟರ್‌ನಲ್ಲಿ ಕುಳಿತಿದ್ದರೆ ಪಟ್ಟಿಯನ್ನು ನೋಡಿಕೊಳ್ಳುವವರು ಯಾರೂ ಇಲ್ಲ.

ತಿದ್ದುಪಡಿಗೆ ಇರುವ ಒಂದೇ ವಿಶ್ವಾಸಾರ್ಹ ಆಧಾರ ಮೊದಲ ದಿನದ ಹಾಜರಿ. ಮಾದರಿಯಲ್ಲಿ ಗುರುವಾರದ ಮೂರನೇ ಪಾಳಿಗೆ 17 ಜನರನ್ನು ಕರೆದು 12 ಜನ ಬಂದರು ಎಂದುಕೊಳ್ಳೋಣ. ಸ್ಥಾನಗಳು 12 ಇದ್ದುದರಿಂದ ಹೊರನೋಟಕ್ಕೆ ಎಲ್ಲವೂ ಸರಿಯಿತ್ತು, ಆದರೆ ಯಾರಿಗೂ ಬಿಡುವು ಸಿಗಲಿಲ್ಲ. ಇದೇ ಪ್ರಮಾಣ ಮುಂದುವರಿದರೆ ಶನಿವಾರ ರಾತ್ರಿಗೆ ಕರೆದ 25ರಲ್ಲಿ 17 ಅಥವಾ 18 ಜನ ಬರುತ್ತಾರೆ, ಬೇಕಾದವರು 21. ಅಷ್ಟು ಜನ ಸಿಗಬೇಕಾದರೆ 30 ಜನರನ್ನು ಕರೆಯಬೇಕು. ಗುರುವಾರ ರಾತ್ರಿಯೇ ಈ ಲೆಕ್ಕ ಹಾಕಿದರೆ ಐದು ಜನರನ್ನು ಹುಡುಕಲು ಶುಕ್ರವಾರ ಇಡೀ ದಿನ ಸಿಗುತ್ತದೆ.

ಮೀಸಲಿನ ಅತಿರೇಕವೂ ದೋಷವೇ. ಬಂದು ಸುಮ್ಮನೆ ಕೂತು ಹೋದವರು ಎರಡನೇ ಸರದಿಗೆ ಬರುವ ಸಾಧ್ಯತೆ ಕಡಿಮೆ. ಹೆಚ್ಚಾಗಿ ಬಂದವರಿಗೆ ಕರಪತ್ರ ಹಂಚುವುದು, ಶಾಲಾ ಮಕ್ಕಳ ಗುಂಪಿನ ಜೊತೆ ನಡೆಯುವುದು ಮುಂತಾದ, ಇಲ್ಲದಿದ್ದರೂ ನಡೆಯುವ ಕೆಲಸಗಳನ್ನು ಮೊದಲೇ ಗುರುತಿಸಿಡುತ್ತಾರೆ.

## ಇಂದಿನ ಸ್ಥಿತಿ

ದೊಡ್ಡ ಪಟ್ಟಿಗಳನ್ನು ಗಣಕದಿಂದ ಹೊಂದಿಸುವ ಪ್ರಯತ್ನಗಳಲ್ಲಿ ಕೆನಡಾದ ಎಡ್ಮಂಟನ್ ಜಾನಪದ ಸಂಗೀತ ಉತ್ಸವದ ಸ್ವಯಂಸೇವಕರ ಕುರಿತು ಲಿನ್ ಗೋರ್ಡನ್ ಮತ್ತು ಎರ್ಹಾನ್ ಎರ್ಕುತ್ 2004ರಲ್ಲಿ ಪ್ರಕಟಿಸಿದ ಅಧ್ಯಯನ ಗಮನಾರ್ಹ. ಸ್ವಯಂಸೇವಕರ ಇಷ್ಟಗಳನ್ನು ಪಡೆದು, ಸ್ಪ್ರೆಡ್‌ಶೀಟ್‌ನಲ್ಲೇ ಪೂರ್ಣಾಂಕ ಯೋಜನೆಯ ವಿಧಾನದಿಂದ ಪಾಳಿ ಹಂಚುವ ಸಾಧನವನ್ನು ಅವರು ರೂಪಿಸಿದರು.

ಕರ್ನಾಟಕದ ಸಂಘಟಕರಲ್ಲಿ ಗೂಗಲ್ ಫಾರ್ಮ್‌ನಲ್ಲಿ ಹೆಸರು ಪಡೆದು, ಸ್ಪ್ರೆಡ್‌ಶೀಟ್‌ನಲ್ಲಿ ಪಟ್ಟಿ ಮಾಡಿ, ವಾಟ್ಸ್ಆ್ಯಪ್ ಗುಂಪಿನಲ್ಲಿ ಹಂಚುವುದು ಸಾಮಾನ್ಯ ಕ್ರಮ. ಪ್ರತಿ ಸರದಿಗೆ ಒಂದು ಸಾಲಿನಂತೆ A ಕಾಲಂನಲ್ಲಿ ಹೆಸರು, B ಕಾಲಂನಲ್ಲಿ ದಿನ, C ಕಾಲಂನಲ್ಲಿ ಪಾಳಿಯ ಸಂಖ್ಯೆ ಬರೆದರೆ 200 ಸರದಿಗಳ ಪಟ್ಟಿಯಲ್ಲಿ ಶನಿವಾರದ ಮೂರನೇ ಪಾಳಿಗೆ ಎಷ್ಟು ಜನ ಇದ್ದಾರೆಂದು ಈ ಸೂತ್ರ ಎಣಿಸುತ್ತದೆ:

```
=COUNTIFS(B2:B201,"ಶನಿವಾರ",C2:C201,3)
```

ಇದರ ಉತ್ತರ 25ಕ್ಕಿಂತ ಕಡಿಮೆಯಿದ್ದರೆ ಆ ಪಾಳಿ ಇನ್ನೂ ತುಂಬಿಲ್ಲ. ವಾಟ್ಸ್ಆ್ಯಪ್ ಗುಂಪಿನಲ್ಲಿ ತಿದ್ದುಪಡಿಯಾದ ಪಟ್ಟಿ ಹಾಕಿದಾಗ ಹಳೆಯದೂ ಅಲ್ಲೇ ಉಳಿಯುವುದರಿಂದ ಎರಡು ಪಟ್ಟಿಗಳು ಏಕಕಾಲಕ್ಕೆ ಚಾಲ್ತಿಯಲ್ಲಿರುವ ತೊಂದರೆಯಿದೆ. ಇದನ್ನು ತಪ್ಪಿಸಲು ಪಟ್ಟಿಯ ಮೇಲೆ ದಿನಾಂಕ ಮತ್ತು ವೇಳೆ ನಮೂದಿಸುವುದು, ಬದಲಾವಣೆ ಮಾಡುವ ಅಧಿಕಾರವನ್ನು ಒಬ್ಬರಿಗೇ ಕೊಡುವುದು, ಪ್ರತಿ ಬೆಳಿಗ್ಗೆ ಅಂದಿನ ಪಟ್ಟಿಯ ಮುದ್ರಿತ ಪ್ರತಿಯನ್ನು ಹಾಜರಿ ಮೇಜಿನ ಬಳಿ ಅಂಟಿಸಿ ಅದನ್ನೇ ಅಂತಿಮವೆಂದು ಸಾರುವುದು ಈಗಿನ ಪದ್ಧತಿ.